ಹಿತಕಿದ ಬೇಳೆ ಮೇಲೆ ಬಂದ ಆರೋಪ

ಮಗ ಹುಟ್ಟಿದ್ದು ಡಿಸೆಂಬರ್ ಎರಡನೇ ವಾರ. ಬಾಣಂತನಕ್ಕೆ ಹಾಸನದ ತವರಿನಲ್ಲಿದ್ದೆ. ಅವರೆಕಾಯಿ ಕಾಲ. ಮೂರು ವಾರ ಬರೀ ಮೆಣಸಿನ ಸಾರು, ಬೆಳ್ಳುಳ್ಳಿ ಖಾರ ತಿಂದು ನಾಲಿಗೆ ಜಡ್ಡುಗಟ್ಟಿತ್ತು. ಒಂದು ಮಧ್ಯಾಹ್ನ ಅಮ್ಮ ಸ್ನಾನಕ್ಕೆ ಹೋದಾಗ ಅಡುಗೆಮನೆಗೆ ನುಗ್ಗಿ, ಮನೆಯವರಿಗೆಂದು ಮಾಡಿದ್ದ ಹಿತಕಿದ ಬೇಳೆ ಸಾರನ್ನು ಎರಡು ಸೌಟು ಅನ್ನಕ್ಕೆ ಹಾಕಿಕೊಂಡು ತಿಂದುಬಿಟ್ಟೆ.

ಅವತ್ತು ಸಂಜೆ ಆರೂವರೆಗೆ ಮಗು ಅಳೋಕೆ ಶುರು ಮಾಡಿತು. ಮುಖ ಕೆಂಪಗೆ, ಮುಷ್ಟಿ ಬಿಗಿ, ಕಾಲು ಹೊಟ್ಟೆಗೆ ಮಡಚಿಕೊಂಡು, ನಡುನಡುವೆ ಹೂಸು ಬಿಡುತ್ತಾ ಒಂಬತ್ತರವರೆಗೆ ಅತ್ತಿತು. ತೊಳೆಯಲು ಇಟ್ಟಿದ್ದ ತಟ್ಟೆಯಲ್ಲಿ ಒಂದು ಬೇಳೆ ಅಂಟಿಕೊಂಡಿತ್ತು. ಅಮ್ಮನಿಗೆ ಅದಕ್ಕಿಂತ ಸಾಕ್ಷಿ ಬೇಕಾಗಿರಲಿಲ್ಲ.

"ಅವರೆ ವಾಯು ಕಣೇ. ನೀನು ತಿಂದಿದ್ದು ಅದರ ಹೊಟ್ಟೆಗೆ ಹೋಗಲ್ವಾ?"

ನಾನೂ ಹೌದು ಅಂದುಕೊಂಡೆ. ಅವರೆ ಬಿಟ್ಟೆ. ಮಾರನೇ ದಿನವೂ ಅತ್ತಿತು, ತೊಗರಿಬೇಳೆ ಬಿಟ್ಟೆ. ಆಮೇಲೆ ಆಲೂಗಡ್ಡೆ, ಕೋಸು, ಸೊಪ್ಪು, ಬಾಳೆಹಣ್ಣು. ಕೊನೆಗೆ ಹಾಲು, ಮೊಸರನ್ನೂ ಬಿಟ್ಟೆ. ಎರಡು ವಾರ ಕಳೆಯುವಷ್ಟರಲ್ಲಿ ನನ್ನ ಊಟ ಅಂದರೆ ಅನ್ನ, ಮೆಣಸಿನ ಸಾರು, ತುಪ್ಪ, ಅಷ್ಟೇ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಕಾಫಿ ಮಾತ್ರ ಬಿಟ್ಟಿರಲಿಲ್ಲ, ಅದರ ಮೇಲೆ ಯಾರಿಗೂ ಅನುಮಾನ ಇರಲಿಲ್ಲ ನೋಡಿ. ದಿನಕ್ಕೆ ನಾಲ್ಕು ಲೋಟ.

ಈ ನಡುವೆ ಒಂದು ಹಳೇ ಡೈರಿಯಲ್ಲಿ ಬರೆದಿಡೋಕೆ ಶುರು ಮಾಡಿದ್ದೆ. ಎಡಗಡೆ ತಿಂದದ್ದು, ಬಲಗಡೆ ಅಳು ಶುರುವಾದ ಹೊತ್ತು, ನಿಂತ ಹೊತ್ತು. ತಪ್ಪಿತಸ್ಥ ತಿಂಡಿಯನ್ನು ಹಿಡಿಯೋದೇ ಉದ್ದೇಶ.

ಆರು ವಾರದ ಲಸಿಕೆಗೆ ಹೋದಾಗ ಡೈರಿಯನ್ನು ಮಕ್ಕಳ ಡಾಕ್ಟರ್ ಮುಂದಿಟ್ಟೆ. ಅವರು ಎಡಗಡೆ ಓದಲೇ ಇಲ್ಲ. ಬಲಗಡೆ ಮಾತ್ರ ಬೆರಳಾಡಿಸಿದರು. ಆರೂವರೆ, ಆರೂಮುಕ್ಕಾಲು, ಏಳು, ಆರೂವರೆ. "ನೋಡಮ್ಮ, ನೀವು ಬೇಳೆ ತಿಂದ ದಿನವೂ ಸಂಜೆಯೇ ಅತ್ತಿದೆ, ಬರೀ ಅನ್ನ ತಿಂದ ದಿನವೂ ಸಂಜೆಯೇ ಅತ್ತಿದೆ. ಮೊನ್ನೆ ಮೊನ್ನೆ ಜಾಸ್ತಿನೂ ಆಗಿದೆ. ಊಟ ಕಾರಣ ಆಗಿದ್ದರೆ ಇಷ್ಟು ಬಿಟ್ಟ ಮೇಲೆ ಕಡಿಮೆ ಆಗಬೇಕಿತ್ತು ಅಲ್ವಾ?"

ಇಂಥ ಸಂಜೆಯ ಅಳು ಎರಡು ಮೂರು ವಾರಕ್ಕೆ ಶುರುವಾಗಿ, ಆರು ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದಂತೆ. ಬಾಟಲಿ ಹಾಲು ಕುಡಿಯುವ ಕೂಸುಗಳೂ ಹೀಗೇ ಅಳುತ್ತವೆ. ಅತ್ತಾಗ ಗಾಳಿ ನುಂಗುತ್ತವೆ, ಆಮೇಲೆ ಆ ಗಾಳಿ ಹೊರಗೆ ಬರುತ್ತದೆ. ಗ್ಯಾಸ್‌ನಿಂದ ಅಳು ಅಂತ ನಾವು ನೋಡಿದ್ದು ಎಷ್ಟೋ ಸಲ ಅಳುವಿನಿಂದ ಬಂದ ಗ್ಯಾಸ್.

ಅವರೆಯ ವಿಷಯ ಅಮ್ಮನಿಗಾಗಿ ಬಿಡಿಸಿ ಕೇಳಿದೆ. ಕಾಳುಗಳಲ್ಲಿ ನಮ್ಮ ಸಣ್ಣ ಕರುಳು ಅರಗಿಸಲಾರದ ಕೆಲವು ಬಗೆಯ ಸಕ್ಕರೆ ಇದೆ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಗ್ಯಾಸ್ ಮಾಡುತ್ತವೆ. ಎದೆಹಾಲು ತಯಾರಾಗೋದು ಕರುಳಿನಿಂದಲ್ಲ, ರಕ್ತದಿಂದ. ಅರಗದ ಸಕ್ಕರೆ ರಕ್ತಕ್ಕೆ ಹೋಗುವುದಿಲ್ಲ. ಗ್ಯಾಸಿನ ಚೂರುಪಾರು ರಕ್ತಕ್ಕೆ ಸೇರಿದರೂ ಉಸಿರಿನಲ್ಲಿ ಹೊರಟುಹೋಗುತ್ತದೆ. ಅಂದರೆ ವಾಯು ನನ್ನ ಹೊಟ್ಟೆಯದು, ನನ್ನದೇ. ಬೆಳ್ಳುಳ್ಳಿಯ ವಾಸನೆ ಮಾತ್ರ ಹಾಲಿಗೆ ಬರುವುದು ನಿಜ. ಆದರೆ ಅದನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಕೂಸುಗಳು ಮುಖ ತಿರುಗಿಸುವ ಬದಲು ಇನ್ನೂ ಹೆಚ್ಚು ಹೊತ್ತು ಕುಡಿದಿದ್ದವು!

ಹಾಗಾದರೆ ಊಟಕ್ಕೂ ಅಳುವಿಗೂ ಸಂಬಂಧವೇ ಇಲ್ಲವಾ? ಒಂದು ಕಡೆ ಇದೆ. ಹಸುವಿನ ಹಾಲಿನ ಪ್ರೋಟೀನು ಸ್ವಲ್ಪ ಎದೆಹಾಲಿಗೆ ಇಳಿಯುತ್ತದೆ, ಕೆಲವೇ ಕೂಸುಗಳಿಗೆ ಅದು ಅಲರ್ಜಿ. ನಮ್ಮ ದೊಡ್ಡಪ್ಪನ ಮಗಳಿಗೆ ಹೀಗಾಗಿತ್ತು. ಆದರೆ ಅವಳ ಮಗುವಿಗೆ ಬರೀ ಅಳು ಇರಲಿಲ್ಲ. ಕಕ್ಕದಲ್ಲಿ ಲೋಳೆ, ರಕ್ತದ ಗೆರೆ ಇತ್ತು, ಕೆನ್ನೆ ತುಂಬ ಕಜ್ಜಿಯಂಥ ಒರಟು ಕಲೆ, ತೂಕ ಏರುತ್ತಿರಲಿಲ್ಲ. ಡಾಕ್ಟರ್ ಹೇಳಿದ ಮೇಲೆ ಹಾಲು, ಮೊಸರು, ಪೇಡ, ಹಾಲಿನ ಪುಡಿ ಇರುವ ಬಿಸ್ಕೆಟ್ ಎಲ್ಲ ಬಿಟ್ಟಳು. ಮೂರು ವಾರದಲ್ಲಿ ರಕ್ತ ನಿಂತಿತು. ಖಾತ್ರಿ ಮಾಡಿಕೊಳ್ಳಲು ಮತ್ತೆ ಹಾಲು ಕುಡಿದು ನೋಡಿದಾಗ ವಾಪಸ್ ಬಂತು. ಬಿಟ್ಟು ನೋಡಿದರೆ ಸಾಲದು, ಮತ್ತೆ ತಿಂದೂ ನೋಡಬೇಕು. ಇಲ್ಲದಿದ್ದರೆ ತಾನಾಗಿ ಕಮ್ಮಿಯಾದದ್ದನ್ನು ಪಥ್ಯದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಈ ಥರದ ಲಕ್ಷಣ ಇಲ್ಲದ, ಸುಮ್ನೆ ಅಳುವ ಕೂಸಿಗೆ ತಾಯಿಯ ಪಥ್ಯ ಎಷ್ಟು ಕೆಲಸ ಮಾಡುತ್ತದೆ ಅಂತ 2018ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಸಂಸ್ಥೆಯವರು ಇದ್ದಬದ್ದ ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದ್ದಾರೆ. ಎಲ್ಲ ಸಣ್ಣ ಸಣ್ಣವು, ನೆಚ್ಚಿಕೊಳ್ಳುವಂಥ ಪುರಾವೆ ಸಿಗಲಿಲ್ಲ.

ನನ್ನ ಮಗ 2.9 ಕೆಜಿಯಿಂದ 4 ಕೆಜಿಗೆ ಬಂದಿದ್ದ. ಹೊಟ್ಟೆ ಮೆತ್ತಗಿತ್ತು, ಜ್ವರ ಇಲ್ಲ, ಹಸಿರು ವಾಂತಿ ಇಲ್ಲ. "ಕಕ್ಕ ಹೇಗಿದೆ?" ಅಂತ ಕೇಳಿದರು. ಹಸಿರು, ನೊರೆ ನೊರೆ, ಪಟಪಟ ಸದ್ದು ಅಂದೆ. ಆಗ ಅವರು ಹಾಲು ಕುಡಿಸಿ ತೋರಿಸಿ ಅಂದರು.

ಕುಡಿಸಿದೆ. ಐದು ನಿಮಿಷಕ್ಕೆ ನನ್ನ ಮೊಬೈಲಿನ ಅಲಾರಂ ಹೊಡೆಯಿತು. ಮಗುವನ್ನು ಬಿಡಿಸಿ ಇನ್ನೊಂದು ಕಡೆಗೆ ಹಾಕಿಕೊಂಡೆ. ಎರಡೂ ಕಡೆ ಸಮ ಆಗಲಿ ಅಂತ ಮೊದಲಿಂದ ಹಾಗೇ ಮಾಡುತ್ತಿದ್ದೆ. ಡಾಕ್ಟರ್ ನಕ್ಕು ಅಲಾರಂ ಆಫ್ ಮಾಡಿಸಿದರು. ಎದೆ ತುಂಬಿದ್ದಾಗ ಮೊದಲು ಬರುವ ಹಾಲು ತೆಳು, ಕುಡಿಯುತ್ತಾ ಹೋದಂತೆ ಜಿಡ್ಡು ಜಾಸ್ತಿ. ನನಗೆ ಹಾಲು ಧಾರಾಳ. ಹಾಗಾಗಿ ಎರಡೂ ಕಡೆಯ ತೆಳು ಹಾಲೇ ಅವನ ಹೊಟ್ಟೆ ತುಂಬಿಸುತ್ತಿತ್ತು. ಜಿಡ್ಡು ಕಮ್ಮಿ ಇದ್ದರೆ ಹಾಲು ಬೇಗ ಕೆಳಗಿಳಿಯುತ್ತದೆ, ಹಾಲಿನ ಸಕ್ಕರೆ ಪೂರ್ತಿ ಅರಗುವ ಮೊದಲೇ ದೊಡ್ಡ ಕರುಳು ಸೇರಿ ಹುಳಿಯುತ್ತದೆ. ನೊರೆ ಬರೋದು ಅಲ್ಲಿಂದ. ಒಂದು ಕಡೆ ಅವನೇ ಬಿಡುವವರೆಗೆ ಕುಡಿಸಿ, ಬೇಕೆಂದರೆ ಮಾತ್ರ ಇನ್ನೊಂದು ಕೊಡಿ ಅಂದರು. ಹಾಲು ಕಮ್ಮಿ ಇರುವವರು ಮಾತ್ರ ಹೀಗೆ ಒಂದೇ ಕಡೆ ನಿಲ್ಲಿಸಬಾರದಂತೆ.

ಇನ್ನೊಂದು ತಪ್ಪನ್ನೂ ತೋರಿಸಿದರು. ಕುಡಿಯುವಾಗ ಟಕ್ ಟಕ್ ಸದ್ದು ಬರುತ್ತಿತ್ತು. ನಾನು ಚೆನ್ನಾಗಿ ಕುಡಿಯುತ್ತಿದ್ದಾನೆ ಅಂತ ಖುಷಿಪಟ್ಟಿದ್ದೆ. ಅದು ಬಾಯಿ ಜಾರಿ ಗಾಳಿ ಹೋಗುವ ಸದ್ದು. ಬಾಯಿ ಅಗಲ ತೆರೆದಾಗ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಸೇರುವಂತೆ, ಗದ್ದ ಎದೆಗೆ ಒತ್ತುವಂತೆ ಹಾಕಿಕೊಂಡರೆ ಸದ್ದು ನಿಂತಿತು. ಕಾಫಿ ಎರಡು ಲೋಟಕ್ಕೆ ಇಳಿಸಿ ಅಂದರು. ಎಳೆ ಕೂಸಿನ ಮೈಯಿಂದ ಕೆಫೀನ್ ಹೊರಹೋಗಲು ದಿನಗಟ್ಟಲೆ ಬೇಕು. ತೇಗು ಬರಿಸಿದರೆ ಅಳು ನಿಲ್ಲುತ್ತದೆ ಅನ್ನೋದಕ್ಕೂ ಚಂಡೀಗಢದಲ್ಲಿ ಮಾಡಿದ ಪ್ರಯೋಗವೊಂದರಲ್ಲಿ ಬೆಂಬಲ ಸಿಕ್ಕಿಲ್ಲ, ಕಕ್ಕುವುದು ಮಾತ್ರ ಜಾಸ್ತಿಯಾಗಿತ್ತು. ಅಮ್ಮ ಬೆನ್ನು ತಟ್ಟೋದು ಬಿಡಲಿಲ್ಲ, ನಾನೂ ತಡೆಯಲಿಲ್ಲ. ಆದರೆ ಓಮದ ನೀರು, ಬಜೆ, ಜೇನು ಬಾಯಿಗೆ ಹಾಕುವುದನ್ನು ತಡೆದೆ.

ನಾಲ್ಕೈದು ದಿನದಲ್ಲಿ ನೊರೆ ಹೋಗಿ ಹಳದಿ ಬಂತು, ಹೂಸೂ ಕಮ್ಮಿಯಾಯಿತು. ಸಂಜೆಯ ಅಳು ನಿಲ್ಲಲಿಲ್ಲ, ಎರಡೂವರೆ ಗಂಟೆ ಇದ್ದದ್ದು ಒಂದೂವರೆಗೆ ಇಳಿಯಿತು. ಅದು ನಮ್ಮ ಬದಲಾವಣೆಯಿಂದಲೋ ಅವನ ವಯಸ್ಸಿನಿಂದಲೋ ಹೇಳೋದು ಕಷ್ಟ. ನಾನು ಬೇಳೆ, ಸೊಪ್ಪು, ಮೊಸರು ಎಲ್ಲ ತಿನ್ನೋಕೆ ಶುರು ಮಾಡಿದೆ. ಫೆಬ್ರವರಿಯಲ್ಲಿ ಹಿತಕಿದ ಬೇಳೆ ಸಾರನ್ನು ಅಮ್ಮನ ಎದುರೇ ಬಡಿಸಿಕೊಂಡೆ. ಡೈರಿಯಲ್ಲಿ ಅವತ್ತು ಸಂಜೆ: ಏಳರಿಂದ ಎಂಟು. ಹಿಂದಿನ ದಿನಕ್ಕಿಂತ ಕಮ್ಮಿ.

ಮಾರ್ಚ್ ಕೊನೆಗೆ ಅಳು ಪೂರ್ತಿ ನಿಂತಿತು. ಅವನಿಗೆ ಮೂರೂವರೆ ತಿಂಗಳು. ಅಷ್ಟರಲ್ಲಿ ಸಂತೆಯಲ್ಲಿ ಅವರೆಕಾಯಿಯೂ ಮುಗಿದಿತ್ತು.

"ನೋಡಿದ್ಯಾ," ಅಂದರು ಅಮ್ಮ, "ಅವರೆ ಹೋಯ್ತು, ಅಳುನೂ ಹೋಯ್ತು."