ಡಿಸ್ಚಾರ್ಜ್ ಸಮ್ಮರಿಯನ್ನು ಹಿರಿಯರಿಗೆ ಕನ್ನಡದಲ್ಲಿ ಬರೆದುಕೊಡುವಾಗ

“ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಮೈಸೂರಿನಲ್ಲಿ ಸ್ಟೆಂಟ್ ಹಾಕಿ ಮನೆಗೆ ಕಳಿಸಿದ್ದಾರೆ. ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಇಂಗ್ಲಿಷಿನಲ್ಲಿದೆ. ಅಪ್ಪನಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಗೆ ಬರೆದುಕೊಡಲಿ?”

ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅನುವಾದ ಮಾಡಲು ಹೋಗಬೇಡಿ. ಆ ಕಾಗದವನ್ನು ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗಾಗಿ ಬರೆದಿರುತ್ತಾರೆ. ರಕ್ತಪರೀಕ್ಷೆಯ ಅಂಕಿಗಳು, ದಾಖಲಾದ ದಿನದ ನಾಡಿಬಡಿತ, ಕ್ಯಾತ್ ಲ್ಯಾಬಿನ ವಿವರ ಇವೆಲ್ಲ ಮುಂದಿನ ವೈದ್ಯರಿಗೆ ಬೇಕಾದವು. ಮನೆಯ ಹಿರಿಯರಿಗೆ ಬೇಕಾದದ್ದು ತಮಗೆ ಏನಾಗಿತ್ತು, ಯಾವ ಮಾತ್ರೆ ಯಾತಕ್ಕೆ ಮತ್ತು ಎಷ್ಟು ಕಾಲ, ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬ ಮೂರು ವಿಷಯಗಳು ಮಾತ್ರ. ಮೊದಲನೆಯದಕ್ಕೆ ನಾಲ್ಕೈದು ವಾಕ್ಯ ಸಾಕು. ಉಳಿದ ಶ್ರಮವೆಲ್ಲ ಮಾತ್ರೆಗಳ ಭಾಗಕ್ಕೆ ಸಲ್ಲಬೇಕು.

ಕೊಡಗಿನ ನಾಪೋಕ್ಲು ಕಡೆಯ ಕಾಫಿ ಬೆಳೆಗಾರರೊಬ್ಬರ ಸಮ್ಮರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ರೋಗದ ಹೆಸರಿನ ಜಾಗದಲ್ಲಿ ಸಿಎಡಿ, ಇನ್‌ಫೀರಿಯರ್ ವಾಲ್ ಎಂಐ, ಆರ್‌ಸಿಎಗೆ ಪಿಟಿಸಿಎ, ಎಲ್‌ವಿಇಎಫ್ ಶೇಕಡಾ 45, ಜೊತೆಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ ಎಂದಿತ್ತು. ಇದನ್ನು ಅವರಿಗೆ ಹೀಗೆ ಬರೆದುಕೊಟ್ಟೆವು: “ನಿಮ್ಮ ಹೃದಯಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಬಲಗಡೆಯ ಒಂದು ನಾಳ ಕಟ್ಟಿಕೊಂಡು ಹಾರ್ಟ್ ಅಟ್ಯಾಕ್ ಆಗಿತ್ತು. ಆ ನಾಳವನ್ನು ತೆರೆದು, ಮತ್ತೆ ಮುಚ್ಚದಂತೆ ಒಳಗೆ ಲೋಹದ ಸಣ್ಣ ಜಾಲರಿಯ ಕೊಳವೆಯೊಂದನ್ನು ಇಟ್ಟಿದ್ದಾರೆ. ಅದೇ ಸ್ಟೆಂಟ್. ಅಟ್ಯಾಕ್‌ನಿಂದ ಹೃದಯದ ಶಕ್ತಿ ಸ್ವಲ್ಪ ಕಡಿಮೆಯಾಗಿದೆ. ಸಕ್ಕರೆ ಮತ್ತು ಬಿಪಿ ಮೊದಲಿನಿಂದಲೂ ಇರುವಂಥವು.”

ಎಲ್‌ವಿಇಎಫ್ ಶೇಕಡಾ 45 ಎಂಬುದನ್ನು ಓದಿ ಆ ಮನೆಯವರು ಹೃದಯದ ಅರ್ಧಕ್ಕಿಂತ ಹೆಚ್ಚು ಭಾಗ ಕೆಲಸ ನಿಲ್ಲಿಸಿದೆ ಎಂದು ಹೆದರಿದ್ದರು. ಆರೋಗ್ಯವಂತರ ಹೃದಯ ಕೂಡ ಒಂದು ಬಡಿತಕ್ಕೆ ತನ್ನೊಳಗಿನ ರಕ್ತವನ್ನೆಲ್ಲ ಹೊರಗೆ ತಳ್ಳುವುದಿಲ್ಲ. ಸುಮಾರು ಶೇಕಡಾ 55ರಿಂದ 70ರಷ್ಟನ್ನು ತಳ್ಳುತ್ತದೆ. ಆ ಲೆಕ್ಕದಲ್ಲಿ 45 ಎಂದರೆ ಸ್ವಲ್ಪ ಕಡಿಮೆ, ಅಷ್ಟೆ. ಹಿರಿಯರಿಗೆ ಕೊಡುವ ಹಾಳೆಯಲ್ಲಿ ಇಂಥ ಅಂಕಿಗಳನ್ನು ಬರೆಯದಿರುವುದೇ ಒಳ್ಳೆಯದು, ಏಕೆಂದರೆ ಅಂಕಿ ಮನಸ್ಸಿನಲ್ಲಿ ಉಳಿಯುತ್ತದೆ, ವಿವರಣೆ ಮರೆತುಹೋಗುತ್ತದೆ.

ಈಗ ಮಾತ್ರೆಗಳು. 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂಬುದು ಬಹಳ ಮಂದಿಗೆ ಗೊತ್ತು. ಎಚ್‌ಎಸ್ ಎಂದರೆ ಮಲಗುವ ಹೊತ್ತಿಗೆ, ಎಸ್‌ಓಎಸ್ ಎಂದರೆ ತೊಂದರೆ ಕಾಣಿಸಿಕೊಂಡಾಗ ಮಾತ್ರ. ಜನ ಎಡವುವುದು ಇಲ್ಲಿ ಅಲ್ಲ, ಸಾಲಿನ ಕೊನೆಯಲ್ಲಿರುವ ದಿನಗಳ ಲೆಕ್ಕದಲ್ಲಿ. ಇವರ ಸಮ್ಮರಿಯಲ್ಲಿ ಆ್ಯಂಟಿಬಯಾಟಿಕ್ ಮಾತ್ರೆಯ ಮುಂದೆ 5 ದಿನ ಎಂದಿತ್ತು. ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75, ಅಟೊರ್ವಸ್ಟಾಟಿನ್ 40, ಮೆಟೊಪ್ರೊಲಾಲ್ 25, ಪ್ಯಾಂಟೊಪ್ರಜೋಲ್ 40 ಇವುಗಳ ಮುಂದೆಲ್ಲ 30 ದಿನ ಎಂದಿತ್ತು. ಬರಹ ಒಂದೇ ರೀತಿ ಕಂಡರೂ ಅರ್ಥ ಬೇರೆ. ಆ್ಯಂಟಿಬಯಾಟಿಕ್ 5 ದಿನಕ್ಕೆ ಮುಗಿಯಿತು. ಉಳಿದವುಗಳ 30 ದಿನ ಮುಂದಿನ ಭೇಟಿಯವರೆಗಿನ ಲೆಕ್ಕವೇ ಹೊರತು ನಿಲ್ಲಿಸುವ ದಿನವಲ್ಲ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಸಾಮಾನ್ಯವಾಗಿ ಒಂದು ವರ್ಷದವರೆಗೆ ಕೊಡುತ್ತಾರೆ, ಆಮೇಲೆ ಒಂದನ್ನು ಮುಂದುವರಿಸುತ್ತಾರೆ. ಎಷ್ಟು ಕಾಲ ಎಂಬುದನ್ನು ತೀರ್ಮಾನಿಸುವವರು ಹೃದ್ರೋಗ ತಜ್ಞರು. ಕೋರ್ಸ್ ಮುಗಿಯಿತೆಂದು ತಿಂಗಳಿಗೇ ಬಿಟ್ಟರೆ ಹೊಸ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೊಂದು ಅಟ್ಯಾಕ್ ಆಗಬಹುದು. ಆದ್ದರಿಂದ ಪ್ರತಿ ಮಾತ್ರೆಯ ಸಾಲನ್ನೂ “ಎಲ್ಲಿಯವರೆಗೆ” ಎಂಬುದರಲ್ಲೇ ಮುಗಿಸಿ: “ಕ್ಲೊಪಿಡೊಗ್ರೆಲ್ 75. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಿರಲು. ಡಾಕ್ಟರು ನಿಲ್ಲಿಸಿ ಎನ್ನುವವರೆಗೆ ಒಂದು ದಿನವೂ ಬಿಡಬಾರದು.” ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ನಮ್ಮ ಕಡೆಯಲ್ಲಿ, ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೊಸದನ್ನು ತರಿಸಬೇಕು ಎಂಬುದನ್ನೂ ಅದರ ಕೆಳಗೇ ಬರೆಯುತ್ತೇನೆ.

ಇದೇ ಸಾಲಿಗೆ ಇನ್ನೊಂದು ಮಾತು ಸೇರಬೇಕು. ತೋಟಕ್ಕೆ ಹೋಗುವವರಿಗೆ ಮಳೆಗಾಲದಲ್ಲಿ ಜಿಗಣೆ ಕಚ್ಚದೆ ಇರುವುದಿಲ್ಲ. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ತೆಗೆದುಕೊಳ್ಳುವವರಿಗೆ ಕಚ್ಚಿದ ಜಾಗದಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ರಕ್ತ ಸೋರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಮಾತ್ರೆಯನ್ನೇ ಬಿಟ್ಟುಬಿಡುವವರಿದ್ದಾರೆ. ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಮಾತ್ರೆ ಬಿಡಬಾರದು ಎಂದು ಮೊದಲೇ ತಿಳಿಸಿಟ್ಟರೆ ಆ ಗಾಬರಿ ಇರುವುದಿಲ್ಲ. ಮಲ ಟಾರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಮಾತ್ರ ಅದು ಬೇರೆಯೇ ವಿಷಯ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಹೊಟ್ಟೆಯೊಳಗಿನ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ, ವೈದ್ಯರನ್ನು ಕೇಳದೆ ಅವನ್ನು ನುಂಗಬಾರದೆಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

ಸಮ್ಮರಿಯಲ್ಲಿ ಇಲ್ಲದ ಇನ್ನೊಂದು ಕೆಲಸ ಮನೆಯಲ್ಲಿ ಉಳಿದಿರುತ್ತದೆ. ಹಳೆಯ ಮಾತ್ರೆಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಪ್ರತಿ ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರನ್ನು ಓದಿ, ಹೊಸ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ನಾಪೋಕ್ಲುವಿನ ಆ ಹಿರಿಯರ ಡಬ್ಬಿಯಲ್ಲಿ ಬಿಪಿಗೆಂದು ಹಿಂದಿನಿಂದ ನುಂಗುತ್ತಿದ್ದ ಅಟೆನೊಲಾಲ್ ಇತ್ತು. ಹೊಸ ಪಟ್ಟಿಯ ಮೆಟೊಪ್ರೊಲಾಲ್ ಅದೇ ಗುಂಪಿನ ಔಷಧ. ಎರಡನ್ನೂ ನುಂಗಿದ್ದರೆ ನಾಡಿಬಡಿತ ತೀರಾ ಇಳಿದು, ಎದ್ದು ನಿಂತಾಗ ತಲೆ ತಿರುಗಿ ಬೀಳುವ ಸಂಭವವಿತ್ತು. ಹಳೆಯದನ್ನು ನಿಲ್ಲಿಸಬೇಕೆಂದು ಸಮ್ಮರಿಯಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಅದನ್ನು ಬರೆದವರು ಈ ಡಬ್ಬಿಯನ್ನು ನೋಡಿರಲಿಲ್ಲ. ಇಂಥದ್ದು ಕಂಡಾಗ ನೀವೇ ತೀರ್ಮಾನಿಸದೆ, ಸಮ್ಮರಿಯಲ್ಲಿರುವ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿ ಕೇಳಿ, ನಿಲ್ಲಿಸಲು ಹೇಳಿದ ಮಾತ್ರೆಗಳನ್ನು ಡಬ್ಬಿಯಿಂದಲೇ ತೆಗೆದುಬಿಡಿ. ಮುಂದಿನ ಸಲ ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಡಬಹುದಾದ್ದರಿಂದ ಹಾಳೆಯಲ್ಲಿ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದು ಇರಲೇಬೇಕು.

ಎಸ್‌ಓಎಸ್ ಎಂದು ಬರೆದಿದ್ದ ಐಸೊಸಾರ್ಬೈಡ್ ಡೈನೈಟ್ರೇಟ್ 5 ಮಿಲಿಗ್ರಾಂ ಮಾತ್ರೆಗೆ ಪ್ರತ್ಯೇಕ ಜಾಗ ಕೊಡಿ: “ಎದೆ ಹಿಂಡಿದಂತಾದರೆ ಮೊದಲು ಕುಳಿತುಕೊಳ್ಳಿ. ಒಂದು ಮಾತ್ರೆಯನ್ನು ನಾಲಿಗೆಯ ಕೆಳಗಿಡಿ, ನುಂಗಬೇಡಿ. 5 ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿಸಿ.” ನಿಂತುಕೊಂಡು ತೆಗೆದುಕೊಂಡರೆ ಬಿಪಿ ಇಳಿದು ಬೀಳಬಹುದು ಎಂಬ ಕಾರಣವನ್ನೂ ಹೇಳಿ; ಕಾರಣ ತಿಳಿದರೆ ಹಿರಿಯರು ಪಾಲಿಸುತ್ತಾರೆ.

ಬರೆದಾದ ಮೇಲೆ ಹಾಳೆಯನ್ನು ಕೈಗೆ ಕೊಟ್ಟು “ಅರ್ಥವಾಯಿತಾ” ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಅದರ ಬದಲು ಮಾತ್ರೆಗಳನ್ನು ಮುಂದಿಟ್ಟು “ನಾಳೆ ಬೆಳಿಗ್ಗೆ ಯಾವುದನ್ನು ತೆಗೆದುಕೊಳ್ಳುತ್ತೀರಿ, ತೋರಿಸಿ” ಎಂದು ಕೇಳಿ. ತಡವರಿಸಿದ ಸಾಲನ್ನು ಇನ್ನಷ್ಟು ಸರಳವಾಗಿ ತಿದ್ದಿ ಬರೆಯಿರಿ. ಆ ಹಾಳೆಯನ್ನು ಮೂಲ ಸಮ್ಮರಿಯ ಜೊತೆಗೇ ಒಂದು ಪ್ಲಾಸ್ಟಿಕ್ ಕವರಿನಲ್ಲಿಡಿ. ರಾತ್ರಿ ಹೊತ್ತು ಮಡಿಕೇರಿಯ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿನ ಡ್ಯೂಟಿ ಡಾಕ್ಟರು ಕೇಳುವುದು ಇಂಗ್ಲಿಷಿನ ಮೂಲ ಪ್ರತಿಯನ್ನು.