ತುಂಬಿದ ಕೊಡವೂ ತುಳುಕಿತು ಅಂದಳು ಸೊಸೆ

«ನಮ್ಮ ಹುಡುಗ ಗಾದಿ ಬಾಯಿಪಾಠ ಹೇಳ್ತಾನ್ರಿ, ಅರ್ಥ ಕೇಳಿದ್ರ ಸುಮ್ಮನ ನಿಲ್ತಾನ. ಹೆಂಗ ತಿಳಿಸಿ ಹೇಳಬೇಕ್ರಿ?»

ಅರ್ಥ ಹೇಳುವ ಮೊದಲು ಗಾದೆಯಲ್ಲಿರುವ ವಸ್ತುವನ್ನು ಮಗುವಿನ ಕೈಗೆ ಕೊಡಿ. ಕುಷ್ಟಗಿಯ ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ.

ನಾಲ್ಕನೇ ತರಗತಿಯ ನನ್ನ ಅಣ್ಣನ ಮಗಳಿಗೆ ‘ತುಂಬಿದ ಕೊಡ ತುಳುಕುವುದಿಲ್ಲ’ ಅಂತ ಪಾಠವಾಗಿತ್ತು. ನಳದ ನೀರು ಬಂದ ದಿನ ಬಕೆಟ್ಟನ್ನು ಅಂಚಿನವರೆಗೆ ತುಂಬಿ ಎತ್ತಿದಳು. ಕಾಲೆಲ್ಲ ಒದ್ದೆ. «ಅತ್ತಿ, ಗಾದಿ ಸುಳ್ಳೈತಿ ನೋಡು. ತುಂಬಿದ್ದೇ ತುಳುಕ್ತು.»

ಅವಳು ಹೇಳಿದ್ದು ಸರಿಯಾಗಿತ್ತು. ಬಕೆಟ್ಟಿನ ಬಾಯಿ ಅಗಲ, ಗಾದೆ ಹೇಳಿದ್ದು ಕೊಡದ ಮಾತು. ಕೊಡಕ್ಕೆ ಅರ್ಧ ನೀರು ಹಿಡಿದು ಟೊಂಕದ ಮೇಲೆ ಇಟ್ಟುಕೊಂಡು ನಡೆದೆ. ಒಳಗೆ ನೀರು ಅತ್ತಿತ್ತ ಬಡಿದು ಗಳಗಳ ಅಂತು. ಆಮೇಲೆ ಕಂಠದವರೆಗೆ, ಅಂಚಿಗಿಂತ ಎರಡು ಬೆರಳು ಕೆಳಗೆ ನಿಲ್ಲುವಂತೆ ತುಂಬಿ ನಡೆದೆ, ಸಪ್ಪಳವೇ ಇಲ್ಲ. ಯಾಕೆ ಅಂತ ಅವಳಿಂದಲೇ ಹೇಳಿಸಿದೆ. ಕೈ ಹಾಕಿ ನೋಡಿದಳು. ಅರ್ಧ ಕೊಡದಲ್ಲಿ ನೀರು ಹೊಟ್ಟೆಯಲ್ಲಿದೆ, ತಾಟಿನಷ್ಟು ಅಗಲಕ್ಕೆ ಹರಡಿ ಓಡಾಡಲು ಜಾಗವಿದೆ. ಕಂಠಕ್ಕೆ ಬಂದ ಮೇಲೆ ಬಟ್ಟಲಿನಷ್ಟೇ ಅಗಲ, ಹೊಯ್ದಾಡಲು ಜಾಗವೇ ಇಲ್ಲ.

ಇಷ್ಟಾದ ಮೇಲೂ ‘ತಿಳಿದವರು ಹೆಚ್ಚು ಮಾತಾಡುವುದಿಲ್ಲ’ ಅನ್ನುವ ಅರ್ಥವನ್ನು ನಾನು ಹೇಳಲಿಲ್ಲ. ಹೇಳಿಬಿಟ್ಟರೆ ಅದೂ ಬಾಯಿಪಾಠವೇ ಆಗುತ್ತದೆ. «ಮನಷ್ಯಾರೊಳಗ ಇಂಥಾ ಕೊಡ ಯಾರರ ಅದಾರೇನವಾ?» ಅಂತಷ್ಟೇ ಕೇಳಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಹೊಲದಿಂದ ಬಂದವಳೇ, «ಮೋಟರ್ ರಿಪೇರಿ ಕಾಕಾ!» ಅಂದಳು. ಬೋರಿನ ಮೋಟರಿನ ಸುತ್ತ ನಾಲ್ಕು ಮಂದಿ ನಿಂತು ವಾದ ಮಾಡುತ್ತಿದ್ದರಂತೆ. ಕಾಕಾ ಬಂದು, ಕಿವಿಗೊಟ್ಟು ಕೇಳಿ, «ಬೇರಿಂಗ್ ಹೋಗೇತಿ» ಅಂದು ಬಿಚ್ಚಲು ಕೂತರಂತೆ. ನೀರಿಲ್ಲದ ಉದಾಹರಣೆಯನ್ನು ತಾನೇ ತಂದಾಗ ಮಗುವಿಗೆ ಗಾದೆ ತಿಳಿದಿದೆ ಅಂತ ನಂಬಬಹುದು. ಇನ್ನೊಂದು ಪಾತ್ರೆಯ ಹೆಸರು ಹೇಳಿದರೆ ಇನ್ನೂ ಕಾಯಬೇಕು.

ಆದರೆ ತಪ್ಪುವುದೂ ಇಲ್ಲೇ. ಮರುವಾರ ಅವಳು, «ನಮ್ಮ ಕ್ಲಾಸಿನ್ಯಾಗ ಒಬ್ಬಾಕಿ ಬರೇ ಪ್ರಶ್ನಿ ಕೇಳ್ತಾಳ, ಅರ್ಧ ಕೊಡ ಆಕಿ» ಅಂದಳು. ನನಗೆ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ಇವಳೂ ಕೇಳುವುದನ್ನು ನಿಲ್ಲಿಸುತ್ತಾಳೆ. ಮತ್ತೆ ನಳದ ಹತ್ತಿರ ಕರೆದುಕೊಂಡು ಹೋಗಿ ಖಾಲಿ ಕೊಡ ಇಟ್ಟು ನೀರು ಬಿಟ್ಟೆ. ಕೊಡ ತುಂಬುತ್ತ ಬಂದಂತೆ ಒಳಗಿನ ಗಾಳಿಯ ಜಾಗ ಕಿರಿದಾಗಿ ಸಪ್ಪಳದ ಸ್ವರ ಏರುತ್ತದೆ. ನಮ್ಮ ಹೆಣ್ಣುಮಕ್ಕಳು ನೋಡದೆಯೇ ನಳ ಬಂದ್ ಮಾಡುವುದು ಆ ಸ್ವರ ಕೇಳಿಯೇ.

«ಇದೂ ಸಪ್ಪಳ ಮಾಡ್ತೈತಲ್ಲ ಅತ್ತಿ?»

«ಇದು ತುಂಬಾಕತ್ತೈತವಾ. ಕೇಳೋದಂದ್ರ ಇದು.»

ಅವಳು ಕಣ್ಣು ಮುಚ್ಚಿ ಕೇಳುತ್ತ ನಿಂತಳು. ಸ್ವರ ಏರಿ ಸಣ್ಣಗಾದದ್ದೇ ಕೈ ಚಾಚಿ ನಳ ತಿರುಗಿಸಿದಳು.