ಅಜ್ಜಿಯ ಕಡಗ ಗಟ್ಟಿಯೋ, ಪೊಳ್ಳೋ?

ಅಜ್ಜಿಯ ಬೆಳ್ಳಿ ಕಡಗ ತಂಗಿಯ ಪಾಲಿಗೆ ಬಂತು. ಕೈಗೆ ಸಡಿಲ. ಒತ್ತಿ ಸಣ್ಣ ಮಾಡಿಸೋಣ ಅಂತ ದಾವಣಗೆರೆಯ ಮಂಡಿಪೇಟೆಗೆ ಹೋದೆವು. ಅಂಗಡಿಯವರು ತಿರುಗಿಸಿ ನೋಡಿ, "ಗಟ್ಟಿ ಇದ್ರೆ ಬಗ್ಗಿಸ್ತೀನಿ ಅಕ್ಕಾರೇ. ಪೊಳ್ಳಾದ್ರೆ ನೆಗ್ಗಿ ಮಡಿಕೆ ಬೀಳುತ್ತೆ, ಆಮೇಲೆ ಸರಿ ಮಾಡೋಕಾಗಲ್ಲ" ಅಂದರು. ಕತ್ತರಿಸದೆ ತಿಳಿಯೋದು ಹೇಗೆ? ಮನೆಗೆ ತಂದು ಲೆಕ್ಕ ಹಾಕಿದೆ.

ಅಡುಗೆಮನೆಯ ತಕ್ಕಡಿಯಲ್ಲಿ ಕಡಗ 62 ಗ್ರಾಂ ತೂಗಿತು. ಲೇತ್ ಅಂಗಡಿಯ ಹುಡುಗ ಕೊಟ್ಟ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದರೆ ಹೊರ ಅಗಲ 78 ಮಿ.ಮೀ., ಒಳ ಅಗಲ 62. ಅಂದರೆ ಸರಿಗೆಯ ದಪ್ಪ 8 ಮಿ.ಮೀ. ಕಡಗವನ್ನು ಬಿಚ್ಚಿ ನೇರ ಮಾಡಿದ ಸರಳು ಅಂದುಕೊಂಡರೆ ಲೆಕ್ಕ ಸುಲಭ. ನಡುವಿನ ಅಗಲ 7 ಸೆಂ.ಮೀ., ಅದನ್ನು 3.14ರಿಂದ ಗುಣಿಸಿದರೆ ಉದ್ದ 22 ಸೆಂ.ಮೀ. ದುಂಡನೆಯ ಅಡ್ಡಕೊಯ್ತ 3.14 × 0.4 × 0.4, ಸುಮಾರು ಅರ್ಧ ಚದರ ಸೆಂ.ಮೀ. ಒಟ್ಟು ಗಾತ್ರ 11 ಘನ ಸೆಂ.ಮೀ. ಆಭರಣದ ಬೆಳ್ಳಿ ಒಂದು ಘನ ಸೆಂ.ಮೀ.ಗೆ 10.4 ಗ್ರಾಂ ಇರುತ್ತೆ. ಗಟ್ಟಿಯಾಗಿದ್ದರೆ 114 ಗ್ರಾಂ ಬರಬೇಕಿತ್ತು. ಒಳಗೆ ಹಿತ್ತಾಳೆಯೇ ಇದ್ದರೂ 90ರ ಆಸುಪಾಸು ಇರುತ್ತಿತ್ತು. 62 ಅಂದರೆ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ!

ಗಾತ್ರವನ್ನು ನೀರಿನಲ್ಲೂ ನೋಡಿದೆ. ತಕ್ಕಡಿ ಮೇಲೆ ನೀರು ತುಂಬಿದ ಅಗಲ ಪಾತ್ರೆ ಇಟ್ಟು, ಅಂಕಿಯನ್ನು ಸೊನ್ನೆ ಮಾಡಿ, ದಾರಕ್ಕೆ ಕಟ್ಟಿದ ಕಡಗವನ್ನು ಪೂರ್ತಿ ಮುಳುಗಿಸಿದೆ. ತಳಕ್ಕೂ ಅಂಚಿಗೂ ತಾಕಬಾರದು. ನೀರು ಕಡಗವನ್ನು ಎಷ್ಟು ಮೇಲಕ್ಕೆ ತಳ್ಳುತ್ತದೋ ಅಷ್ಟೇ ಭಾರ ಪಾತ್ರೆಯ ಮೇಲೆ ಬೀಳುತ್ತೆ. ಒಂದು ಗ್ರಾಂ ತೋರಿಸಿದರೆ ಒಂದು ಘನ ಸೆಂ.ಮೀ.

11 ತೋರಿಸಿತು. ಸ್ವಲ್ಪ ಹೊತ್ತಿಗೆ 10, ಆಮೇಲೆ 9. ಕಡಗದ ಒಳಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಬೆಸುಗೆ ಹಾಕುವಾಗ ಬಿಸಿ ಗಾಳಿ ಹೋಗಲಿ ಅಂತ ಪೊಳ್ಳು ಒಡವೆಗೆ ಸೂಜಿತೂತು ಬಿಡುತ್ತಾರೆ. ಇದಕ್ಕೂ ಹಾಗೆಯೇ ಇತ್ತು. ಇಲ್ಲೇ ಎಚ್ಚರ ಬೇಕು. ಒಳಗೆಲ್ಲಾ ನೀರು ತುಂಬಿದರೆ ಅಂಕಿ 6ಕ್ಕೆ ಇಳಿಯುತ್ತೆ, ಅದು ಬರೀ ಲೋಹದ ಗಾತ್ರ. 62ನ್ನು 6ರಿಂದ ಭಾಗಿಸಿದರೆ 10.3. ಪೊಳ್ಳು ಕಡಗ ಗಟ್ಟಿ ಬೆಳ್ಳಿ ಅಂತ ತೋರುತ್ತೆ! ಒಣಗಿಸಿ, ತೂತಿಗೆ ಒಂದು ಚೂರು ಮೇಣ ಒತ್ತಿ ಮತ್ತೆ ಮುಳುಗಿಸಿದೆ. 11ರಲ್ಲೇ ನಿಂತಿತು.

ಕೆಲವು ಕಡಗದೊಳಗೆ ಅರಗು ತುಂಬಿರುತ್ತಾರೆ. ಅದು ತೀರಾ ಹಗುರ, ಐದಾರು ಗ್ರಾಂ ಅಷ್ಟೇ ಆಗೋದರಿಂದ ತೂಕದಲ್ಲಿ ಗೊತ್ತಾಗಲ್ಲ. ಇದರಲ್ಲಿ ನೀರು ಸಲೀಸಾಗಿ ಒಳಗೆ ಹೋಗಿದ್ದರಿಂದ ಖಾಲಿಯೇ ಅನಿಸಿತು.

ತಂಗಿ ಕೇಳಿದಳು, "ಅಕ್ಕಾ, ಗೋಡೆ ಎಷ್ಟು ದಪ್ಪ ಇರಬಹುದು?" ಬೆಳ್ಳಿಯ ಪಾಲು ಹಿಡಿದು ಲೆಕ್ಕ ಹಾಕಿದರೆ 1.3 ಮಿ.ಮೀ. ಬಂತು. ಧರಿಸೋಕೆ ಸಾಕು, ಒತ್ತೋಕೆ ಸಾಲದು. ಅಂಗಡಿಯವರೂ ಒಪ್ಪಿದರು. ಒಂದು ತುಂಡು ಕತ್ತರಿಸಿ ತೆಗೆದು ಮತ್ತೆ ಬೆಸೆಯಬಹುದು, ಆದರೆ ಜೋಡಣೆ ಕಾಣುತ್ತೆ ಅಂದರು. ತಂಗಿ ಬೇಡ ಅಂದಳು. ಮುಂದೆ ಒಂದು ಬಿಗಿ ಬಳೆ ತೊಟ್ಟು ಅದನ್ನು ಹಾಗೇ ಹಾಕಿಕೊಳ್ಳುತ್ತಿದ್ದಾಳೆ.